ವಿಮೆ ಕಡಿತ ಮಾಡಿದ್ದನ್ನೆಲ್ಲ ರೋಗಿಯೇ ಕಟ್ಟಬೇಕೆ? ಡಿಸ್ಚಾರ್ಜ್ ಬಿಲ್ಲನ್ನು ಪರಿಶೀಲಿಸುವ ಕ್ರಮ

ನರ್ಸಿಂಗ್ ಹೋಮಿನಿಂದ ಮನೆಗೆ ಹೊರಡುವ ದಿನ ಬಿಲ್ಲಿಂಗ್ ಕೌಂಟರಿನಲ್ಲಿ ಒಂದು ಹಾಳೆ ಕೈಗೆ ಬರುತ್ತದೆ. ಒಟ್ಟು ಬಿಲ್ ಇಷ್ಟು, ವಿಮಾ ಕಂಪನಿ ಒಪ್ಪಿದ್ದು ಇಷ್ಟು, ಉಳಿದದ್ದನ್ನು ನೀವು ಕಟ್ಟಿ ಎಂದು ಅದರಲ್ಲಿರುತ್ತದೆ. ಕ್ಯಾಶ್‌ಲೆಸ್ ಎಂದು ಹೇಳಿ ಸೇರಿಸಿಕೊಂಡ ಮೇಲೆ ಇಷ್ಟು ಹಣ ಏಕೆ ಕಟ್ಟಬೇಕು, ಇದನ್ನು ಪ್ರಶ್ನಿಸಬಹುದೇ ಎಂದು ಓದುಗರು ಮತ್ತೆ ಮತ್ತೆ ಕೇಳುತ್ತಾರೆ. ಪ್ರಶ್ನಿಸಬಹುದು. ಆದರೆ ಕಡಿತವಾದ ಮೊತ್ತವನ್ನು ಇಡಿಯಾಗಿ ಹಿಡಿದು ವಾದಿಸಿದರೆ ಏನೂ ಸಿಗುವುದಿಲ್ಲ, ಏಕೆಂದರೆ ಅದರಲ್ಲಿ ಸಾಮಾನ್ಯವಾಗಿ ಮೂರು ಬಗೆಯ ಹಣ ಬೆರೆತಿರುತ್ತದೆ: ಪಾಲಿಸಿಯ ಪ್ರಕಾರ ನಿಜವಾಗಿಯೂ ನೀವು ಕಟ್ಟಬೇಕಾದದ್ದು, ಆಸ್ಪತ್ರೆ ಬಿಡಬೇಕಾದದ್ದು, ಮತ್ತು ವಿಮಾ ಕಂಪನಿ ತಪ್ಪಾಗಿ ಕಳೆದದ್ದು. ಈ ಮೂರನ್ನು ಬೇರ್ಪಡಿಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ. ಇದು ಖಾಸಗಿ ಆರೋಗ್ಯ ವಿಮೆಯ ಕ್ಯಾಶ್‌ಲೆಸ್ ದಾಖಲಾತಿಗೆ ಸಂಬಂಧಿಸಿದ್ದು. ಸರ್ಕಾರಿ ಯೋಜನೆಗಳ ನಿಯಮಗಳು ಬೇರೆ.

ಮೊದಲು ಕೈಯಲ್ಲಿರಬೇಕಾದ ಕಾಗದಗಳು

ನಾಲ್ಕು ಕಾಗದಗಳು ಬೇಕು. ಮೊದಲನೆಯದು ಪಾಲಿಸಿಯ ಶೆಡ್ಯೂಲ್, ಅಂದರೆ ನಿಮ್ಮ ಹೆಸರು, ವಿಮಾ ಮೊತ್ತ, ರೂಮ್ ಬಾಡಿಗೆಯ ಮಿತಿ ಮುಂತಾದವು ಇರುವ ಪುಟ, ಮತ್ತು ಅದರ ಜೊತೆಗೆ ಬರುವ ಷರತ್ತುಗಳ ಪುಸ್ತಕ. ಎರಡನೆಯದು ಆಸ್ಪತ್ರೆಯ ವಿವರವಾದ ಬಿಲ್. ‘ಔಷಧ 30,000’ ಎಂದು ಒಂದೇ ಸಾಲಿನಲ್ಲಿ ಬರೆದ ಸಾರಾಂಶ ಸಾಲದು, ಪ್ರತಿ ವಸ್ತುವಿನ ಹೆಸರು ಮತ್ತು ಬೆಲೆ ಇರುವ ಪ್ರತಿಯನ್ನೇ ಕೇಳಬೇಕು. ಮೂರನೆಯದು ವಿಮಾ ಕಂಪನಿಯ ಅಂತಿಮ ಅನುಮೋದನಾ ಪತ್ರ. ಯಾವ ಬಾಬ್ತಿನಲ್ಲಿ ಎಷ್ಟು ಕಡಿತವಾಗಿದೆ, ಏಕೆ ಎಂಬ ಪಟ್ಟಿ ಅದರಲ್ಲಿ ಇರುತ್ತದೆ. ಈ ಪತ್ರ ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕಿಗೆ ಇಮೇಲಿನಲ್ಲಿ ಬರುತ್ತದೆಯೇ ಹೊರತು, ಕೇಳದಿದ್ದರೆ ರೋಗಿಯ ಕೈಗೆ ಬರುವುದು ಅಪರೂಪ. ನಾಲ್ಕನೆಯದು ದಾಖಲಾಗುವಾಗ ನೀವು ಸಹಿ ಮಾಡಿದ ಕ್ಯಾಶ್‌ಲೆಸ್ ಅರ್ಜಿಯ ಪ್ರತಿ. ಇದನ್ನು ಬಹುತೇಕರು ಇಟ್ಟುಕೊಳ್ಳುವುದಿಲ್ಲ, ಆದರೆ ನಾಲ್ಕನೇ ಹಂತದಲ್ಲಿ ಇದೇ ಆಧಾರವಾಗುತ್ತದೆ.

ಪತ್ರದಲ್ಲಿ ‘ಟಿಪಿಎ’ ಎಂಬ ಪದ ಪದೇ ಪದೇ ಕಾಣಿಸುತ್ತದೆ. ವಿಮಾ ಕಂಪನಿಯ ಪರವಾಗಿ ಕ್ಲೇಮಿನ ಕಾಗದಪತ್ರ ನೋಡುವ ಮಧ್ಯವರ್ತಿ ಸಂಸ್ಥೆ ಅದು. ಲೆಕ್ಕ ಹಾಕುವುದು ಟಿಪಿಎ ಆದರೂ ಹೊಣೆ ವಿಮಾ ಕಂಪನಿಯದೇ. ಆದ್ದರಿಂದ ದೂರು ಕೂಡ ಕಂಪನಿಗೇ ಹೋಗಬೇಕು.

ಹಂತ 1: ರೂಮ್ ಆಯ್ಕೆ ಮಾಡುವ ಮೊದಲೇ ಮಿತಿಯನ್ನು ನೋಡಿಕೊಳ್ಳಿ

ದೊಡ್ಡ ಕಡಿತಗಳು ಬಹುಪಾಲು ಹುಟ್ಟುವುದು ದಾಖಲಾಗುವ ದಿನವೇ. ಹಲವು ಪಾಲಿಸಿಗಳಲ್ಲಿ ದಿನದ ರೂಮ್ ಬಾಡಿಗೆಗೆ ವಿಮಾ ಮೊತ್ತದ ಶೇಕಡಾ 1ರ ಮಿತಿ ಇರುತ್ತದೆ. 5 ಲಕ್ಷದ ಪಾಲಿಸಿಯಾದರೆ ದಿನಕ್ಕೆ 5,000 ರೂಪಾಯಿ. ಅದಕ್ಕಿಂತ ದುಬಾರಿ ರೂಮ್ ಹಿಡಿದರೆ ಬಾಡಿಗೆಯ ವ್ಯತ್ಯಾಸವನ್ನಷ್ಟೇ ಕೊಟ್ಟರಾಯಿತು ಎಂದು ಅನೇಕರು ತಿಳಿದಿರುತ್ತಾರೆ. ಹಾಗಲ್ಲ. ಶಸ್ತ್ರವೈದ್ಯರ ಶುಲ್ಕ, ಅರಿವಳಿಕೆ ತಜ್ಞರ ಶುಲ್ಕ, ಆಪರೇಷನ್ ಥಿಯೇಟರ್, ನರ್ಸಿಂಗ್, ವೈದ್ಯರ ಭೇಟಿ ಇವೆಲ್ಲವೂ ರೂಮಿನ ದರ್ಜೆಗೆ ತಕ್ಕಂತೆ ಏರುವ ಆಸ್ಪತ್ರೆಗಳಲ್ಲಿ, ಮಿತಿಗೂ ನೀವು ಹಿಡಿದ ರೂಮಿನ ಬಾಡಿಗೆಗೂ ಇರುವ ಅನುಪಾತದಲ್ಲಿ ಈ ಶುಲ್ಕಗಳನ್ನೂ ವಿಮಾ ಕಂಪನಿ ಕಡಿಮೆ ಮಾಡುತ್ತದೆ. ಇದನ್ನು ಅನುಪಾತ ಕಡಿತ ಎನ್ನೋಣ. 5,000 ರೂಪಾಯಿಯ ಮಿತಿಗೆ 8,000ದ ರೂಮ್ ಹಿಡಿದರೆ ಆ ಶುಲ್ಕಗಳಲ್ಲಿ ಶೇಕಡಾ 62.5 ಮಾತ್ರ ಸಿಗುತ್ತದೆ.

ಮಿತಿಯೊಳಗಿನ ರೂಮ್ ಖಾಲಿ ಇಲ್ಲ, ಸದ್ಯಕ್ಕೆ ದೊಡ್ಡ ರೂಮಿನಲ್ಲಿರಿ ಎಂದು ಆಸ್ಪತ್ರೆಯವರೇ ಹೇಳಿದರೆ, ಆ ಮಾತನ್ನು ದಿನಾಂಕದೊಂದಿಗೆ ಬರಹದಲ್ಲಿ ಪಡೆಯಿರಿ. ವಿಮಾ ಕಂಪನಿ ಅದನ್ನು ಒಪ್ಪಲೇಬೇಕೆಂದಿಲ್ಲ. ಆದರೆ ಆಸ್ಪತ್ರೆಯೊಂದಿಗೆ ರಿಯಾಯಿತಿಗಾಗಿ ಮಾತಾಡುವಾಗ ಬಾಯಿಮಾತಿಗಿಂತ ಆ ಚೀಟಿಗೆ ಬೆಲೆ ಹೆಚ್ಚು.

ಹಂತ 2: ಕಡಿತದ ಪಟ್ಟಿಯನ್ನು ಕಾರಣಗಳ ಸಮೇತ ಪಡೆಯಿರಿ

‘ಇನ್ಶೂರೆನ್ಸಿನವರು ಕಟ್ ಮಾಡಿದ್ದಾರೆ ಸಾರ್’ ಎಂಬುದು ಕಾರಣವಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ 2024ರ ಮೇ 29ರಂದು ಹೊರಡಿಸಿದ ಆರೋಗ್ಯ ವಿಮೆಯ ಮಾಸ್ಟರ್ ಸುತ್ತೋಲೆಯ ಪ್ರಕಾರ, ಕ್ಲೇಮನ್ನು ಪೂರ್ತಿಯಾಗಿ ತಿರಸ್ಕರಿಸಿದರೂ, ಭಾಗಶಃ ಒಪ್ಪದಿದ್ದರೂ, ಪಾಲಿಸಿಯ ಯಾವ ಷರತ್ತಿನ ಮೇರೆಗೆ ಹಾಗೆ ಮಾಡಲಾಗಿದೆ ಎಂಬುದನ್ನು ಕ್ಲೇಮುದಾರರಿಗೆ ತಿಳಿಸಬೇಕು. ‘ಇತರೆ ಕಡಿತ’ ಎಂದಷ್ಟೇ ಬರೆದ ಸಾಲು ಕಂಡರೆ ಅದರ ಷರತ್ತಿನ ಸಂಖ್ಯೆ ಕೊಡಿ ಎಂದು ಇನ್ಶೂರೆನ್ಸ್ ಡೆಸ್ಕಿನ ಮೂಲಕ ಟಿಪಿಎಗೆ ಬರೆಸಿ.

ಅದೇ ಸುತ್ತೋಲೆ ಸಮಯದ ಮಿತಿಯನ್ನೂ ಹಾಕಿದೆ. ಆಸ್ಪತ್ರೆಯಿಂದ ಡಿಸ್ಚಾರ್ಜ್ ಕೋರಿಕೆ ತಲುಪಿದ ಮೂರು ಗಂಟೆಯೊಳಗೆ ವಿಮಾ ಕಂಪನಿ ಅಂತಿಮ ಅನುಮೋದನೆ ಕೊಡಬೇಕು. ಅದಕ್ಕಿಂತ ತಡವಾಗಿ ಆಸ್ಪತ್ರೆ ಹೆಚ್ಚುವರಿ ಶುಲ್ಕ ಹಾಕಿದರೆ ಆ ಮೊತ್ತವನ್ನು ಕಂಪನಿಯೇ ಭರಿಸಬೇಕು. ಇಲ್ಲಿ ಎಡವುವುದು ಎಲ್ಲೆಂದರೆ, ಈ ಗಡಿಯಾರ ಶುರುವಾಗುವುದು ವೈದ್ಯರು ‘ನಾಳೆ ಬೆಳಿಗ್ಗೆ ಮನೆಗೆ ಹೋಗಬಹುದು’ ಎಂದಾಗ ಅಲ್ಲ, ಆಸ್ಪತ್ರೆ ಅಂತಿಮ ಬಿಲ್ಲನ್ನು ಕಳಿಸಿದಾಗ. ಬೆಳಿಗ್ಗೆ ರೌಂಡ್ಸ್ ಮುಗಿದು, ಔಷಧ ಅಂಗಡಿಯ ಲೆಕ್ಕ ಸೇರಿ, ಬಿಲ್ ಕಳಿಸುವ ಹೊತ್ತಿಗೆ ಮಧ್ಯಾಹ್ನವಾಗುವುದು ಸಾಮಾನ್ಯ. ಎಷ್ಟು ಗಂಟೆಗೆ ಕಳಿಸಿದಿರಿ ಎಂದು ಕೇಳಿ ಗುರುತು ಹಾಕಿಕೊಳ್ಳಿ. ಒಂದು ದಿನದ ಹೆಚ್ಚಿನ ಬಾಡಿಗೆ ಬಿದ್ದರೆ ಅದು ಯಾರ ತಡವೆಂದು ಆಗ ತಿಳಿಯುತ್ತದೆ.

ಹಂತ 3: ಅನುಪಾತ ಕಡಿತ ಎಲ್ಲಿಗೆ ಅನ್ವಯಿಸಿದೆ ಎಂದು ಪರೀಕ್ಷಿಸಿ

ಹಣದ ಲೆಕ್ಕದಲ್ಲಿ ಇದೇ ಅತ್ಯಂತ ಮುಖ್ಯವಾದ ಹಂತ. ಅನುಪಾತ ಕಡಿತವನ್ನು ಬಿಲ್ಲಿನ ಎಲ್ಲ ಸಾಲುಗಳಿಗೂ ಹಾಕುವಂತಿಲ್ಲ. ಐಆರ್‌ಡಿಎಐ 2020ರ ಜೂನ್‌ನಲ್ಲಿ ತಂದ ಮಾರ್ಗಸೂಚಿಯ ಪ್ರಕಾರ ಔಷಧ ಮತ್ತು ಬಳಕೆ ಸಾಮಗ್ರಿಗಳ ವೆಚ್ಚ, ದೇಹದೊಳಗೆ ಅಳವಡಿಸುವ ಇಂಪ್ಲಾಂಟ್ ಹಾಗೂ ವೈದ್ಯಕೀಯ ಸಾಧನಗಳ ವೆಚ್ಚ, ರಕ್ತಪರೀಕ್ಷೆ, ಸ್ಕ್ಯಾನ್ ಮುಂತಾದ ತಪಾಸಣೆಗಳ ವೆಚ್ಚ ಇವು ಮೂರೂ ಅನುಪಾತ ಕಡಿತದಿಂದ ಹೊರಗಿವೆ. ಐಸಿಯು ಶುಲ್ಕಕ್ಕೂ ಅದನ್ನು ಅನ್ವಯಿಸುವಂತಿಲ್ಲ. ಕಾರಣ ಸರಳ: ಜನರಲ್ ವಾರ್ಡಿನಲ್ಲಿರುವವರಿಗೂ ಡೀಲಕ್ಸ್ ರೂಮಿನಲ್ಲಿರುವವರಿಗೂ ಒಂದು ಮಾತ್ರೆಯ ಎಂಆರ್‌ಪಿ ಒಂದೇ.

ಇನ್ನೊಂದು ವಿನಾಯಿತಿಯನ್ನು ಸಣ್ಣ ಊರುಗಳ ಓದುಗರು ವಿಶೇಷವಾಗಿ ಗಮನಿಸಬೇಕು. ರೂಮಿನ ದರ್ಜೆಗೆ ತಕ್ಕಂತೆ ಶುಲ್ಕ ಬದಲಾಯಿಸದೆ ಎಲ್ಲರಿಗೂ ಒಂದೇ ಆಪರೇಷನ್ ಶುಲ್ಕ, ಒಂದೇ ವೈದ್ಯರ ಶುಲ್ಕ ಹಾಕುವ ಆಸ್ಪತ್ರೆಯಲ್ಲಿ ಅನುಪಾತ ಕಡಿತವನ್ನು ಮಾಡುವಂತೆಯೇ ಇಲ್ಲ. ಬಾಡಿಗೆಯ ವ್ಯತ್ಯಾಸವನ್ನು ಮಾತ್ರ ಕಳೆಯಬಹುದು. ಹತ್ತಿಪ್ಪತ್ತು ಹಾಸಿಗೆಯ ನರ್ಸಿಂಗ್ ಹೋಮುಗಳಲ್ಲಿ ಹಲವೆಡೆ ಹೀಗೆ ಒಂದೇ ದರ ಇರುತ್ತದೆ, ಆದರೂ ಟಿಪಿಎ ಕಂಪ್ಯೂಟರಿನಲ್ಲಿ ಕಡಿತ ಬಿದ್ದುಬಿಡುತ್ತದೆ. ‘ನಮ್ಮಲ್ಲಿ ರೂಮಿನ ಮೇರೆಗೆ ಚಿಕಿತ್ಸಾ ಶುಲ್ಕ ಬದಲಾಗುವುದಿಲ್ಲ’ ಎಂದು ಆಸ್ಪತ್ರೆಯ ಲೆಟರ್‌ಹೆಡ್ಡಿನಲ್ಲಿ ಎರಡು ಸಾಲು ಬರೆಸಿ, ಮೊಹರು ಹಾಕಿಸಿ, ಮರುಪರಿಶೀಲನೆಗೆ ಕಳಿಸಲು ಕೇಳಿ. ಕರ್ನಾಟಕದಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಆಸ್ಪತ್ರೆಗಳು ತಮ್ಮ ದರಪಟ್ಟಿಯನ್ನು ಪ್ರಕಟಿಸಬೇಕಾಗಿರುವುದರಿಂದ, ಆ ಪಟ್ಟಿಯ ಫೋಟೊವನ್ನೂ ಜೊತೆಗೆ ಲಗತ್ತಿಸಬಹುದು.

ಹಂತ 4: ಸಣ್ಣ ವಸ್ತುಗಳ ಕಡಿತವನ್ನು ಎರಡಾಗಿ ವಿಂಗಡಿಸಿ

ಪತ್ರದಲ್ಲಿ ‘ನಾನ್ ಪೇಯಬಲ್’ ಅಥವಾ ‘ನಾನ್ ಮೆಡಿಕಲ್’ ಎಂದು ಬರೆದ ಸಾಲುಗಳು ಸಾಲಾಗಿ ಇರುತ್ತವೆ. ಇವುಗಳಿಗೆ ಆಧಾರ ಪಾಲಿಸಿ ಪುಸ್ತಕದ ಕೊನೆಯಲ್ಲಿರುವ ಅನುಬಂಧ. ಅಲ್ಲಿ ನಾಲ್ಕು ಪಟ್ಟಿಗಳಿರುತ್ತವೆ. ಒಂದನೇ ಪಟ್ಟಿಯಲ್ಲಿ 68 ವಸ್ತುಗಳಿವೆ: ಕೈಗವಸು, ಮಾಸ್ಕ್, ಡೈಪರ್, ಇಸಿಜಿ ಎಲೆಕ್ಟ್ರೋಡ್, ಥರ್ಮಾಮೀಟರ್, ಹೊಟ್ಟೆಗೆ ಕಟ್ಟುವ ಬೈಂಡರ್, ಜೊತೆಗಿದ್ದವರ ಊಟ, ಫೋಟೊಕಾಪಿ ಇತ್ಯಾದಿ. ಇವಕ್ಕೆ ವಿಮೆ ಕೊಡುವುದಿಲ್ಲ, ನೀವೇ ಕಟ್ಟಬೇಕು. ಇವುಗಳನ್ನು ಭರಿಸುವ ಹೆಚ್ಚುವರಿ ರಕ್ಷಣೆಯನ್ನು, ಅಂದರೆ ರೈಡರನ್ನು, ಖರೀದಿಸಿದ್ದರೆ ಮಾತ್ರ ಬೇರೆ ಮಾತು; ಪ್ರೀಮಿಯಂ ಕಟ್ಟಿಯೂ ಮರೆತಿರಬಹುದಾದ್ದರಿಂದ ಶೆಡ್ಯೂಲನ್ನು ಒಮ್ಮೆ ನೋಡಿ.

ಉಳಿದ ಮೂರು ಪಟ್ಟಿಗಳ ಸ್ವಭಾವವೇ ಬೇರೆ. ಎರಡನೆಯದರಲ್ಲಿರುವುದು ರೂಮ್ ಬಾಡಿಗೆಯಲ್ಲಿ ಅಡಕವಾಗಬೇಕಾದವು: ಹೌಸ್‌ಕೀಪಿಂಗ್, ಎಸಿ ಶುಲ್ಕ, ಫೈಲ್ ತೆರೆಯುವ ಶುಲ್ಕ, ರೋಗಿಯ ಕೈಪಟ್ಟಿ, ಡಿಸ್ಚಾರ್ಜ್ ಪ್ರಕ್ರಿಯೆಯ ಶುಲ್ಕ. ಮೂರನೆಯದರಲ್ಲಿ ಆಪರೇಷನ್ ಶುಲ್ಕದಲ್ಲೇ ಸೇರಬೇಕಾದ ಹತ್ತಿ, ಗಾಜ್, ಸರ್ಜಿಕಲ್ ಬ್ಲೇಡ್, ಟೇಪ್ ಮುಂತಾದವಿವೆ. ನಾಲ್ಕನೆಯದರಲ್ಲಿ ಚಿಕಿತ್ಸಾ ವೆಚ್ಚದಲ್ಲಿ ಸೇರಬೇಕಾದ ನೋಂದಣಿ ಶುಲ್ಕ, ಸ್ಪಿರಿಟ್ ಸ್ವಾಬ್, ಯೂರಿನ್ ಬ್ಯಾಗ್ ಇಂಥವು. ಅಂದರೆ ಇವುಗಳ ಬೆಲೆ ಮುಖ್ಯ ಶುಲ್ಕದಲ್ಲಿ ಆಗಲೇ ಇದೆ ಎಂಬುದು ನಿಯಮದ ತಿಳುವಳಿಕೆ. ಆದ್ದರಿಂದಲೇ ವಿಮಾ ಕಂಪನಿ ಪ್ರತ್ಯೇಕವಾಗಿ ಕೊಡುವುದಿಲ್ಲ. ಹಾಗಿರುವಾಗ ಅದನ್ನೇ ರೋಗಿಯಿಂದ ಮತ್ತೊಮ್ಮೆ ವಸೂಲು ಮಾಡುವುದು ನ್ಯಾಯವಲ್ಲ ಎಂದು ನೀವು ಆಸ್ಪತ್ರೆಗೆ ಹೇಳಬಹುದು.

ಈಗ ಆ ಕ್ಯಾಶ್‌ಲೆಸ್ ಅರ್ಜಿಯನ್ನು ತೆಗೆಯಿರಿ. ಅದರಲ್ಲಿ ಆಸ್ಪತ್ರೆ ಸಹಿ ಹಾಕುವ ಘೋಷಣೆಯ ಭಾಗವೊಂದಿದೆ. ಒಪ್ಪಿದ ಪ್ಯಾಕೇಜ್ ದರಕ್ಕಿಂತ ಹೆಚ್ಚನ್ನು ಪಾಲಿಸಿದಾರರಿಂದ ವಸೂಲು ಮಾಡುವುದಿಲ್ಲ, ವಿಮೆಗೆ ಸಲ್ಲದ ವೆಚ್ಚ ಮತ್ತು ಅರ್ಹತೆ ಮೀರಿದ ರೂಮಿನಿಂದಾದ ಹೆಚ್ಚಳ ಮಾತ್ರ ಇದಕ್ಕೆ ಹೊರತು ಎಂಬ ಅರ್ಥದ ಮಾತು ಅಲ್ಲಿರುತ್ತದೆ. ಅನುಮೋದನಾ ಪತ್ರದಲ್ಲಿ ‘ಒಪ್ಪಂದದ ದರದ ಪ್ರಕಾರ’ ಅಥವಾ ‘ಎಂಒಯು ಡಿಸ್ಕೌಂಟ್’ ಎಂಬ ಕಾರಣ ಬರೆದು ಹಣ ಕಳೆದಿದ್ದರೆ ಅದು ಆಸ್ಪತ್ರೆ ಮತ್ತು ಕಂಪನಿಯ ನಡುವಿನ ವ್ಯವಹಾರ. ಅದನ್ನು ನಿಮ್ಮ ಲೆಕ್ಕಕ್ಕೆ ಬರೆಯುವಂತಿಲ್ಲ, ಗಟ್ಟಿಯಾಗಿ ನಿರಾಕರಿಸಿ. ಎರಡರಿಂದ ನಾಲ್ಕನೇ ಪಟ್ಟಿಯ ವಸ್ತುಗಳ ವಿಚಾರದಲ್ಲಿ ಮಾತ್ರ ಅಷ್ಟು ಬಿಗಿ ಇಲ್ಲ: ಅವು ‘ವಿಮೆಗೆ ಸಲ್ಲದ ವೆಚ್ಚ’ವೇ ತಾನೆ ಎಂದು ಬಿಲ್ಲಿಂಗಿನವರು ತಿರುಗಿ ವಾದಿಸಬಹುದು, ಮತ್ತು ವಿಮಾ ಪ್ರಾಧಿಕಾರ ಆಸ್ಪತ್ರೆಗಳನ್ನು ನೇರವಾಗಿ ನಿಯಂತ್ರಿಸುವುದಿಲ್ಲ. ಆದ್ದರಿಂದ ಕೌಂಟರಿನಲ್ಲಿ ದನಿ ಏರಿಸುವುದಕ್ಕಿಂತ, ಆ ವಸ್ತುಗಳಿಗೆ ಗೆರೆ ಎಳೆದ ಬಿಲ್ಲಿನೊಂದಿಗೆ ಬಿಲ್ಲಿಂಗ್ ಮ್ಯಾನೇಜರನ್ನು ಕಂಡು ಈ ಮೊತ್ತವನ್ನು ಬಿಡಿ ಎಂದು ಕೇಳುವುದು ಮೇಲು.

ಹಂತ 5: ಲೆಕ್ಕವನ್ನು ನೀವೇ ಹಾಕಿ ನೋಡಿ

ದುಂಡು ಅಂಕಿಗಳ ಒಂದು ಉದಾಹರಣೆ ತೆಗೆದುಕೊಳ್ಳೋಣ. 5 ಲಕ್ಷದ ಪಾಲಿಸಿ, ದಿನಕ್ಕೆ 5,000ದ ರೂಮ್ ಮಿತಿ. ಪಿತ್ತಕೋಶದ ಕಲ್ಲಿಗೆ ಲ್ಯಾಪರೊಸ್ಕೋಪಿ ಶಸ್ತ್ರಚಿಕಿತ್ಸೆ, 8,000ದ ರೂಮಿನಲ್ಲಿ ಮೂರು ದಿನ. ಈ ಆಸ್ಪತ್ರೆಯಲ್ಲಿ ರೂಮಿನ ದರ್ಜೆಗೆ ತಕ್ಕಂತೆ ಶುಲ್ಕ ಬದಲಾಗುತ್ತದೆ. ಬಿಲ್ ಹೀಗಿದೆ:

- ರೂಮ್ ಬಾಡಿಗೆ: 24,000
- ಶಸ್ತ್ರವೈದ್ಯರು, ಅರಿವಳಿಕೆ, ಥಿಯೇಟರ್, ನರ್ಸಿಂಗ್, ಭೇಟಿ: 64,000
- ಔಷಧ ಮತ್ತು ಸಾಮಗ್ರಿ: 30,000
- ತಪಾಸಣೆಗಳು: 14,000
- ನೋಂದಣಿ, ಫೈಲ್, ಡಿಸ್ಚಾರ್ಜ್ ಶುಲ್ಕ: 2,000
- ಒಟ್ಟು: 1,34,000

ವಿಮಾ ಕಂಪನಿಯಿಂದ ಬಂದ ಪತ್ರದಲ್ಲಿ ಒಪ್ಪಿಗೆಯಾದ ಮೊತ್ತ 79,250. ಅಂದರೆ 54,750 ರೂಪಾಯಿ ಕಟ್ಟಿ ಎಂದು ಆಸ್ಪತ್ರೆ ಹೇಳುತ್ತಿದೆ.

ಸರಿಯಾದ ಲೆಕ್ಕ ಏನೆಂದು ನೋಡಿ. ಬಾಡಿಗೆಯಲ್ಲಿ ದಿನಕ್ಕೆ 3,000ದಂತೆ 9,000 ಕಡಿತ ಸರಿ. 64,000ದ ಮೇಲೆ ಅನುಪಾತ ಕಡಿತ ಬೀಳುತ್ತದೆ, ಶೇಕಡಾ 62.5ರಂತೆ 40,000 ಸಿಕ್ಕು 24,000 ಹೋಗುವುದೂ ಸರಿ. ಔಷಧ, ಸಾಮಗ್ರಿಗಳ 30,000ದಲ್ಲಿ ಒಂದನೇ ಪಟ್ಟಿಯ ಕೈಗವಸು, ಮಾಸ್ಕ್ ಮುಂತಾದವು 3,000, ಎರಡು ಮತ್ತು ಮೂರನೇ ಪಟ್ಟಿಯವು 2,200. ಇವೆರಡನ್ನು ಕಳೆದರೆ 24,800 ಪೂರ್ತಿ ಸಿಗಬೇಕು. ತಪಾಸಣೆಯ 14,000ವೂ ಪೂರ್ತಿ ಸಿಗಬೇಕು. ಕೊನೆಯ ಸಾಲಿನ 2,000ಕ್ಕೆ ವಿಮೆ ಏನೂ ಕೊಡುವುದಿಲ್ಲ. ಕೂಡಿದರೆ ವಿಮಾ ಕಂಪನಿ ಕೊಡಬೇಕಾದದ್ದು 15,000, 40,000, 24,800 ಮತ್ತು 14,000, ಒಟ್ಟು 93,800.

ವ್ಯತ್ಯಾಸ 14,550 ಎಲ್ಲಿಂದ ಬಂತು? ಕಂಪನಿ 24,800ರ ಔಷಧಕ್ಕೂ 14,000ದ ತಪಾಸಣೆಗೂ ಅನುಪಾತ ಕಡಿತ ಹಾಕಿದೆ. ಒಂದರಲ್ಲಿ 9,300, ಇನ್ನೊಂದರಲ್ಲಿ 5,250 ಕಳೆದಿದೆ. ನಿಯಮದ ಪ್ರಕಾರ ಇದು ತಪ್ಪು, ಕಂಪನಿಯಿಂದ ಕೇಳಿ ಪಡೆಯಬೇಕಾದ ಹಣ. ಆಸ್ಪತ್ರೆಯಿಂದ ಬಿಡಿಸಿಕೊಳ್ಳಲು ಕೇಳಬೇಕಾದದ್ದು 2,200 ಮತ್ತು 2,000, ಒಟ್ಟು 4,200. ಇವೆರಡನ್ನೂ ತೆಗೆದರೆ ನಿಮ್ಮ ನಿಜವಾದ ಪಾಲು 36,000. ಅದರಲ್ಲಿ 33,000 ದುಬಾರಿ ರೂಮಿನಿಂದಲೇ ಬಂದದ್ದು. ದಿನಕ್ಕೆ ಮೂರು ಸಾವಿರ ಹೆಚ್ಚು ಎಂದುಕೊಂಡು ಹಿಡಿದ ರೂಮು ದಿನಕ್ಕೆ ಹನ್ನೊಂದು ಸಾವಿರ ತಿಂದಿದೆ.

ನಿಮ್ಮ ಪಾಲಿಸಿಯಲ್ಲಿ ಕೋ-ಪೇ ಇದ್ದರೆ, ಅಂದರೆ ಒಪ್ಪಿಗೆಯಾದ ಮೊತ್ತದಲ್ಲಿ ಇಂತಿಷ್ಟು ಶೇಕಡಾ ನೀವೇ ಭರಿಸಬೇಕೆಂಬ ಷರತ್ತಿದ್ದರೆ, ಅದನ್ನು ಕೊನೆಯಲ್ಲಿ ಉಳಿದ ಮೊತ್ತದ ಮೇಲೆ ಲೆಕ್ಕ ಹಾಕಿದ್ದಾರೆಯೇ ಅಥವಾ ಇಡೀ ಬಿಲ್ಲಿನ ಮೇಲೆ ಹಾಕಿದ್ದಾರೆಯೇ ಎಂದು ಷರತ್ತಿನ ವಾಕ್ಯದೊಂದಿಗೆ ಹೋಲಿಸಿ ನೋಡಿ.

ಹಂತ 6: ಕಟ್ಟುವ ಮೊದಲು ಮರುಪರಿಶೀಲನೆ, ಕಟ್ಟಬೇಕಾದರೆ ಆಕ್ಷೇಪಣೆಯೊಂದಿಗೆ

ರೋಗಿ ಇನ್ನೂ ಆಸ್ಪತ್ರೆಯಲ್ಲಿರುವಾಗ ಅನುಮೋದನೆ ತಿದ್ದಿಸುವುದು ಸುಲಭ, ಏಕೆಂದರೆ ಆಸ್ಪತ್ರೆಯ ಡೆಸ್ಕ್ ಟಿಪಿಎಗೆ ಅದೇ ಕ್ಲೇಮ್ ಸಂಖ್ಯೆಯಲ್ಲಿ ಮರುಪರಿಶೀಲನಾ ಕೋರಿಕೆ ಕಳಿಸಬಹುದು. ಕೋರಿಕೆಯಲ್ಲಿ ಕಥೆ ಬೇಡ. ಸಾಲು, ಮೊತ್ತ, ನಿಯಮ ಇಷ್ಟಿದ್ದರೆ ಸಾಕು. ಮೇಲಿನ ಉದಾಹರಣೆಗೆ ಹೀಗೆ ಬರೆಯಬಹುದು: ‘ಔಷಧದಲ್ಲಿ 9,300, ತಪಾಸಣೆಯಲ್ಲಿ 5,250 ರೂಪಾಯಿಗಳನ್ನು ರೂಮ್ ಬಾಡಿಗೆಯ ಅನುಪಾತದಲ್ಲಿ ಕಡಿತ ಮಾಡಲಾಗಿದೆ. ಈ ಬಾಬ್ತುಗಳಿಗೆ ಅನುಪಾತ ಕಡಿತ ಅನ್ವಯಿಸುವುದಿಲ್ಲ. ದಯವಿಟ್ಟು ಪರಿಷ್ಕೃತ ಅನುಮೋದನೆ ನೀಡಿ.’

ಉತ್ತರಕ್ಕಾಗಿ ಕಾಯುವ ಸ್ಥಿತಿಯಲ್ಲಿ ಎಲ್ಲರೂ ಇರುವುದಿಲ್ಲ. ಹಣ ಕಟ್ಟಿ ಹೊರಡಬೇಕಾದರೆ ಬಿಲ್ಲಿನ ಆಸ್ಪತ್ರೆಯ ಪ್ರತಿಯಲ್ಲಿ ‘ಆಕ್ಷೇಪಣೆಯೊಂದಿಗೆ ಪಾವತಿಸಿದ್ದೇನೆ’ ಎಂದು ಬರೆದು ಸಹಿ ಹಾಕಿ, ಅದರ ಫೋಟೊ ಇಟ್ಟುಕೊಳ್ಳಿ. ದಾಖಲಾಗುವಾಗ ಕಟ್ಟಿದ ಮುಂಗಡ ಅಂತಿಮ ಲೆಕ್ಕದಲ್ಲಿ ಜಮಾ ಆಗಿದೆಯೇ ಎಂದು ನೋಡಿ. ಗಡಿಬಿಡಿಯಲ್ಲಿ ತಪ್ಪಿಹೋಗುವ ಸಾಲು ಇದೇ. ‘ನನಗೆ ಯಾವ ತಕರಾರೂ ಇಲ್ಲ’ ಎಂಬ ಒಕ್ಕಣೆಯಿರುವ ಕಾಗದಕ್ಕೆ ಸಹಿ ಕೇಳಿದರೆ ಆ ಸಾಲನ್ನು ಹೊಡೆದುಹಾಕಿ ಸಹಿ ಮಾಡಿ.

ಹಂತ 7: ಡಿಸ್ಚಾರ್ಜ್ ಆದ ಮೇಲಿನ ದೂರು

ಮೊದಲ ದೂರು ವಿಮಾ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಇಮೇಲಿನಲ್ಲಿ ಹೋಗಬೇಕು. ವಿಳಾಸ ಪಾಲಿಸಿ ಪುಸ್ತಕದಲ್ಲೇ ಇರುತ್ತದೆ. ಏಜೆಂಟರಿಗೆ ಹೇಳಿದ್ದು, ಟಿಪಿಎ ಕಾಲ್ ಸೆಂಟರಿಗೆ ಫೋನ್ ಮಾಡಿದ್ದು ದೂರಾಗಿ ಲೆಕ್ಕಕ್ಕೆ ಬರುವುದಿಲ್ಲ. ಐಆರ್‌ಡಿಎಐನ ಬಿಮಾ ಭರೋಸಾ ಜಾಲತಾಣದಲ್ಲೂ (bimabharosa.irdai.gov.in) ದಾಖಲಿಸಬಹುದು, 155255ಕ್ಕೆ ಕರೆ ಮಾಡಿಯೂ ದಾಖಲಿಸಬಹುದು, ಅಲ್ಲಿ ಸಿಗುವ ಟೋಕನ್ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಆದರೆ ಆ ದೂರನ್ನೂ ಮೊದಲು ಕಂಪನಿಗೇ ಕಳಿಸಲಾಗುತ್ತದೆ, ತೀರ್ಪು ಕೊಡುವ ಜಾಗ ಅದಲ್ಲ.

ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ, ವಿಮಾ ಕಂಪನಿಗಳ ಮೇಲಿನ ದೂರುಗಳನ್ನು ತೀರ್ಮಾನಿಸುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಕರ್ನಾಟಕದವರಿಗೆ ಅದು ಬೆಂಗಳೂರಿನ ಜೆ.ಪಿ. ನಗರದಲ್ಲಿದೆ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, ದೂರನ್ನು ಆನ್‌ಲೈನಿನಲ್ಲೂ ಸಲ್ಲಿಸಬಹುದು. ಕಂಪನಿ ನಿರಾಕರಿಸಿದ ಒಂದು ವರ್ಷದೊಳಗೆ ಸಲ್ಲಿಸಬೇಕು. ಒಂಬುಡ್ಸ್‌ಮನ್ ಆದೇಶ ವಿಮಾ ಕಂಪನಿಯನ್ನು ಕಟ್ಟಿಹಾಕುತ್ತದೆ, ಆದರೆ ಆಸ್ಪತ್ರೆಯನ್ನಲ್ಲ. ಆದ್ದರಿಂದ ನಮ್ಮ ಉದಾಹರಣೆಯ 14,550ಕ್ಕೆ ಅಲ್ಲಿ ಹೋಗಬಹುದು, 4,200ಕ್ಕೆ ಹೋಗಿ ಪ್ರಯೋಜನವಿಲ್ಲ.

ಕೊನೆಯದಾಗಿ, ನಿಮ್ಮ ಅಥವಾ ಸಂಗಾತಿಯ ಕಚೇರಿಯ ಗುಂಪು ವಿಮೆಯಲ್ಲಿ ರೋಗಿಯ ಹೆಸರಿದ್ದರೆ, ಒಂದು ಪಾಲಿಸಿಯಲ್ಲಿ ಕಡಿತವಾದ ಹಣವನ್ನು ಆ ಇನ್ನೊಂದು ಪಾಲಿಸಿಯ ಷರತ್ತಿಗೆ ಒಳಪಟ್ಟು ಅಲ್ಲಿ ಕೇಳುವ ಹಕ್ಕಿದೆ. ಮೊದಲ ಪಾಲಿಸಿಯ ವಿಮಾ ಮೊತ್ತ ಪೂರ್ತಿ ಖರ್ಚಾಗಿರಬೇಕೆಂದಿಲ್ಲ. ಎರಡನೆಯದರಲ್ಲಿ ರೂಮ್ ಮಿತಿ ಇಲ್ಲದಿದ್ದರೆ, ಮೇಲಿನ 33,000 ಕೂಡ ಅಲ್ಲಿ ಸಿಗಬಹುದು. ಅದಕ್ಕೆ ಮೊದಲ ಕಂಪನಿಯ ಇತ್ಯರ್ಥ ಪತ್ರ, ಕಡಿತದ ಪಟ್ಟಿ, ನೀವು ಕಟ್ಟಿದ ಹಣದ ರಸೀದಿ ಮತ್ತು ಆಸ್ಪತ್ರೆ ದೃಢೀಕರಿಸಿದ ಬಿಲ್ ಹಾಗೂ ಡಿಸ್ಚಾರ್ಜ್ ಸಾರಾಂಶದ ಪ್ರತಿಗಳು ಬೇಕು. ಮೂಲ ಪ್ರತಿಗಳು ಮೊದಲ ಕಂಪನಿಗೆ ಹೋಗಿಬಿಟ್ಟಿರುತ್ತವೆ, ಆದ್ದರಿಂದ ಮೊಹರು ಹಾಕಿದ ಒಂದು ಜೊತೆ ಪ್ರತಿಯನ್ನು ಡಿಸ್ಚಾರ್ಜ್ ದಿನವೇ ಕೇಳಿ ಪಡೆಯಿರಿ. ಎರಡನೇ ಪಾಲಿಸಿಯಲ್ಲಿ ಕ್ಲೇಮ್ ಸಲ್ಲಿಸಲು ಇರುವ ದಿನಗಳ ಗಡುವನ್ನೂ ಅಂದೇ ನೋಡಿಕೊಳ್ಳಿ, ಮೊದಲ ಕಂಪನಿಯೊಂದಿಗಿನ ಪತ್ರವ್ಯವಹಾರ ಮುಗಿಯುವವರೆಗೆ ಅದು ಕಾಯುವುದಿಲ್ಲ.